ರಾತ್ರಿ ಒಂಬತ್ತೂವರೆಯ ಸ್ಪೀಡ್

ನಮ್ಮ ಮನೆಯ ಇಂಟರ್‌ನೆಟ್ ಪ್ಲ್ಯಾನ್ 100 ಎಂಬಿಪಿಎಸ್‌ನದು. ಆದರೆ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಗಳ ಆನ್‌ಲೈನ್ ಪಾಠ ನಿಂತು ನಿಂತು ಬರುತ್ತಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬ ಹುಡುಗ ಬಂದು, ರೂಟರ್ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಒತ್ತಿದ. 94 ಬಂತು. "ನೋಡಿ ಸಾರ್, ಫುಲ್ ಬರ್ತಿದೆ" ಅಂದ. ದೂರು ಅಲ್ಲಿಗೆ ಕ್ಲೋಸ್ ಆಯಿತು.

ಅವನು ಸುಳ್ಳು ಹೇಳಲಿಲ್ಲ. ಅವನು ನೋಡಿದ ಹೊತ್ತು ಬೇರೆ, ನಮ್ಮ ತೊಂದರೆಯ ಹೊತ್ತು ಬೇರೆ. "ಸ್ಪೀಡ್ ತುಂಬಾ ಕಮ್ಮಿ" ಎಂದಷ್ಟೇ ಬರೆದ ದೂರುಗಳು ಸೋಲುವುದು ಇಲ್ಲೇ.

ಹಾಗಾಗಿ ಒಂದು ವಾರ ಕೂತು ಅಳೆದೆ. ಲ್ಯಾಪ್‌ಟಾಪಿಗೆ ರೂಟರ್‌ನಿಂದ ನೇರವಾಗಿ ಕೇಬಲ್ ಚುಚ್ಚಿ, ವೈಫೈ ಆಫ್ ಮಾಡಿದೆ. ಗೋಡೆ ಅಡ್ಡ ಬಂದರೆ, ಪಕ್ಕದ ಮನೆಯ ವೈಫೈ ತಾಗಿದರೆ ಸ್ಪೀಡ್ ಬೀಳುತ್ತದೆ. ಅದರ ಹೊಣೆ ಕಂಪನಿಯದಲ್ಲ. ಮನೆಯವರೆಲ್ಲ ಐದು ನಿಮಿಷ ಫೋನ್, ಟಿವಿ ಬಿಟ್ಟಿರಬೇಕು. (ನಿಮ್ಮದು 200 ಅಥವಾ 300ರ ಪ್ಲ್ಯಾನ್ ಆಗಿದ್ದು ಟೆಸ್ಟ್ ಯಾವಾಗಲೂ 94ರ ಆಸುಪಾಸಿನಲ್ಲೇ ನಿಂತರೆ, ಮೊದಲು ಕೇಬಲ್ ಬದಲಿಸಿ ನೋಡಿ. ಹಳೆಯ ಅಥವಾ ಒಳಗೆ ತುಂಡಾದ ಕೇಬಲ್ 100ಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ.)

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಪ್ಲ್ಯಾನಿನ ಲೆಕ್ಕ ಬಿಟ್‌ನಲ್ಲಿ, ಫೈಲ್ ಇಳಿಯುವಾಗ ಕಾಣುವ ಲೆಕ್ಕ ಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಪರದೆಯ ಮೇಲೆ 12 MB/s ಕಂಡರೆ ಅದೇ ನಿಮ್ಮ 100 Mbps. ಅದನ್ನು ಹಿಡಿದು ದೂರು ಕೊಟ್ಟರೆ ಒಂದೇ ಉತ್ತರಕ್ಕೆ ಬಿದ್ದುಹೋಗುತ್ತದೆ.

ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಮೂರು ಸಲ ಅಳೆದು ನಡುವಿನ ಅಂಕಿಯನ್ನು ಬರೆದಿಟ್ಟೆ. ಬೆಳಿಗ್ಗೆ ಏಳಕ್ಕೆ 91ರಿಂದ 94. ಮಧ್ಯಾಹ್ನ ಎರಡಕ್ಕೆ 80ಕ್ಕೆ ಕಡಿಮೆಯಾಗಲಿಲ್ಲ. ರಾತ್ರಿ ಒಂಬತ್ತೂವರೆಗೆ ಏಳೂ ದಿನ 11ರಿಂದ 19ರೊಳಗೆ. ಮನೆಯ ವೈರಿಂಗ್ ಕೆಟ್ಟಿದ್ದರೆ ಬೆಳಿಗ್ಗೆಯೂ ಕೆಟ್ಟಿರಬೇಕಿತ್ತು. ಗಡಿಯಾರ ನೋಡಿಕೊಂಡು ಬೀಳುವ ಸ್ಪೀಡ್ ಹೆಚ್ಚಾಗಿ ಹೊರಗಿನ ದಟ್ಟಣೆಯದು.

ದಟ್ಟಣೆ ಎಲ್ಲಿ ಎಂದು ತಿಳಿಯಲು ರಾತ್ರಿ ಎರಡು ಸರ್ವರ್‌ಗಳನ್ನು ಆರಿಸಿ ನೋಡಿದೆ. ಒಂದು ಕಂಪನಿಯದೇ, ಇನ್ನೊಂದು ಬೇರೆ ಕಂಪನಿಯದು. ಕಂಪನಿಯ ಸರ್ವರ್‌ಗೆ 90 ಬಂದು ಹೊರಗಿನದಕ್ಕೆ ಮಾತ್ರ 15 ಬಂದಿದ್ದರೆ, ಇಕ್ಕಟ್ಟು ಕಂಪನಿಯಿಂದಾಚೆಗೆ ಹೋಗುವ ದಾರಿಯಲ್ಲಿ ಎನ್ನಬಹುದಿತ್ತು. ನಮಗೆ ಎರಡಕ್ಕೂ 15ರ ಆಸುಪಾಸು. ಅಂದರೆ ನಮ್ಮ ಬೀದಿಗೂ ಕಂಪನಿಯ ಸರ್ವರಿಗೂ ನಡುವೆಯೇ ಎಲ್ಲೋ ದಾರಿ ಕಟ್ಟಿದೆ. ಸಾಮಾನ್ಯ ಫೈಬರ್ ವ್ಯವಸ್ಥೆಯಲ್ಲಿ ಒಂದು ಪೋರ್ಟಿನ ಸುಮಾರು 2.5 ಗಿಗಾಬಿಟ್ ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅಲ್ಲಿಂದ ಮುಂದಿನ ಲೈನ್ ಇನ್ನೂ ಕಿರಿದಾಗಿದ್ದರೆ, ಎಲ್ಲರೂ ಸಿನಿಮಾ ಹಾಕುವ ಹೊತ್ತಿಗೆ ಯಾರಿಗೂ ಸಾಲುವುದಿಲ್ಲ.

ಆಮೇಲೆ ಪತ್ರ ಬರೆದೆ. ಅದರ ತಿರುಳು ಇಷ್ಟು:

"ನನ್ನ ಪ್ಲ್ಯಾನ್ 100 ಎಂಬಿಪಿಎಸ್ ವರೆಗೆ. ತಿಂಗಳ ಮಿತಿ 3,300 ಜಿಬಿ. ಈವರೆಗೆ ಬಳಸಿದ್ದು 210 ಜಿಬಿ. ಕೇಬಲ್ ಮೂಲಕ ಏಳು ದಿನ ಅಳೆದ ಪಟ್ಟಿ ಮತ್ತು ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ. ರಾತ್ರಿಯ ಸ್ಪೀಡ್ ಒಮ್ಮೆಯೂ 20 ಮುಟ್ಟಿಲ್ಲ. ನಿಮ್ಮದೇ ಸರ್ವರ್‌ಗೂ ಅಷ್ಟೇ. ಹಿಂದಿನ ದೂರನ್ನು ಬೆಳಿಗ್ಗೆ ಹನ್ನೊಂದರ ಟೆಸ್ಟ್ ನೋಡಿ ಮುಚ್ಚಲಾಗಿದೆ. ದಯವಿಟ್ಟು ರಾತ್ರಿ ಒಂಬತ್ತರ ನಂತರ ಬಂದು ಅಳೆಯಿರಿ. ಸರಿಯಾಗುವವರೆಗಿನ ಬಿಲ್‌ನಲ್ಲಿ ಕಡಿತ ಕೊಡಿ."

"ವರೆಗೆ" ಎಂಬ ಪದವನ್ನು ನಾನೇ ಬರೆದದ್ದು ಬೇಕೆಂದೇ. ಅವರು ಅದರ ಹಿಂದೆ ಅಡಗುತ್ತಾರೆ ಎಂದು ಗೊತ್ತಿತ್ತು. ಒಂದೆರಡು ರಾತ್ರಿ ಇಳಿದರೆ ಆ ಪದ ಅವರನ್ನು ಕಾಯಬಹುದು. ಜನ ಇಂಟರ್‌ನೆಟ್ ಬಳಸುವ ಹೊತ್ತಿನಲ್ಲೇ ವಾರವಿಡೀ ಐದನೇ ಒಂದು ಭಾಗವೂ ಬರದಿದ್ದರೆ ಅದು ಕಾಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಿತಿಯ ಲೆಕ್ಕ ಕೊಟ್ಟದ್ದಕ್ಕೂ ಕಾರಣವಿದೆ. ತಿಂಗಳ ಡೇಟಾ ಮುಗಿದ ಮೇಲೆ ಸ್ಪೀಡ್ ಇಳಿಸುವ ಷರತ್ತು ಪ್ಲ್ಯಾನ್‌ನಲ್ಲೇ ಇರುತ್ತದೆ.

ಪತ್ರ ಕಳಿಸಿದ ಮೇಲೆ ಡಾಕೆಟ್ ನಂಬರ್ ಕೇಳಿ ಪಡೆಯಲೇಬೇಕು. ಟ್ರಾಯ್‌ನ 2012ರ ನಿಯಮದ ಪ್ರಕಾರ ಪ್ರತಿ ಕಂಪನಿಯಲ್ಲೂ ದೂರು ಕೇಂದ್ರದ ಮೇಲೆ ಮೇಲ್ಮನವಿ ಪ್ರಾಧಿಕಾರ ಇರಬೇಕು. ಮೇಲ್ಮನವಿಗೆ ಆ ನಂಬರ್ ಬೇಕು. ಅದನ್ನು 39 ದಿನದೊಳಗೆ ಇತ್ಯರ್ಥ ಮಾಡಬೇಕು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಟೆಲಿಕಾಂ ದೂರುಗಳನ್ನು ಅದು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಐದನೇ ದಿನ ರಾತ್ರಿ ಒಂಬತ್ತೂಮುಕ್ಕಾಲಿಗೆ ಅದೇ ಹುಡುಗ ಬಂದ. ತನ್ನ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿದ. 16. ಇನ್ನೊಮ್ಮೆ ಒತ್ತಿದ. 14. ಮಾತಾಡದೆ ಪರದೆಯ ಫೋಟೊ ತೆಗೆದುಕೊಂಡು ಆಫೀಸಿಗೆ ಕಳಿಸಿದ. ಮುಂದಿನ ವಾರ ನಮ್ಮ ಬೀದಿಯ ಸಂಪರ್ಕವನ್ನು ಬೇರೆ ಪೋರ್ಟಿಗೆ ಬದಲಿಸಿದರು. ಈಗ ರಾತ್ರಿಯೂ 85 ದಾಟುತ್ತದೆ. ಬಿಲ್ ಕಡಿತಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ಆ ಮೇಲ್ಮನವಿಯನ್ನು ನಿನ್ನೆ ಹಾಕಿದ್ದೇನೆ, ಅದೇ ಪಟ್ಟಿಯನ್ನು ಲಗತ್ತಿಸಿ.