ಎಚ್ಚರಿಕೆ ಪತ್ರಕ್ಕೆ ಮೊದಲು ಹಾಜರಿ ಪುಸ್ತಕ

‘ನೀವು ಪದೇ ಪದೇ ತಡವಾಗಿ ಬರುತ್ತಿದ್ದೀರಿ. ಎಷ್ಟು ಹೇಳಿದರೂ ತಿದ್ದಿಕೊಂಡಿಲ್ಲ. ಈ ಬೇಜವಾಬ್ದಾರಿಯನ್ನು ಇನ್ನು ಸಹಿಸಲಾಗದು.’

ತಡವಾಗಿ ಬರುವವರಿಗೆ ಕೊಡುವ ಮೆಮೊ ಎಷ್ಟೋ ಕಡೆ ಹೀಗೇ ಇರುತ್ತದೆ. ಮೂರು ವಾಕ್ಯಗಳಲ್ಲಿ ಒಂದನ್ನೂ ಪರಿಶೀಲಿಸಿ ನೋಡುವಂತಿಲ್ಲ. ಯಾವ ದಿನ, ಎಷ್ಟು ನಿಮಿಷ, ಯಾರು ಹೇಳಿದ್ದರು ಎಂಬುದು ಅದರಲ್ಲಿಲ್ಲ. ಓದಿದವರಿಗೆ ಬೈಸಿಕೊಂಡಂತಾಗುತ್ತದೆಯೇ ಹೊರತು ಏನನ್ನು ತಿದ್ದಿಕೊಳ್ಳಬೇಕೆಂದು ತಿಳಿಯುವುದಿಲ್ಲ.

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ ಘಟಕವನ್ನು ಕಲ್ಪಿಸಿಕೊಳ್ಳೋಣ. ಪಾಳಿ ಶುರುವಾಗುವುದು 8.30ಕ್ಕೆ, ಹತ್ತು ನಿಮಿಷ ವಿನಾಯಿತಿ ಇದೆ. ಲೈನಿನಲ್ಲಿ ಕಾಲರ್ ಹೊಲಿಯುವ ಮಹಿಳೆಯೊಬ್ಬರು ಜೂನ್ ತಿಂಗಳಲ್ಲಿ ಏಳು ದಿನ ತಡ ಮಾಡಿದ್ದಾರೆ. ಅವರು ಬಂದು ಕೂರುವ ತನಕ ಮುಂದಿನ ಮೆಷಿನ್‌ನವರ ಕೈ ಖಾಲಿ. ಹಾಗಾಗಿ ಸೂಪರ್‌ವೈಸರ್ ಸಿಟ್ಟಿಗೆ ಕಾರಣವಿಲ್ಲದಿಲ್ಲ. ಆದರೆ ಸಿಟ್ಟನ್ನು ಪತ್ರಕ್ಕೆ ಇಳಿಸುವ ಮೊದಲು ಪಂಚಿಂಗ್ ದಾಖಲೆ ತೆಗೆದು ಬರೆದುಕೊಳ್ಳಬೇಕು: 3ರಂದು 8.52, 6ರಂದು 8.46, 10ರಂದು 8.55, 13ರಂದು 8.49, 17ರಂದು 8.51, 20ರಂದು 8.46, 25ರಂದು 9.05.

ಹೀಗೆ ಸಾಲಾಗಿ ಬರೆದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮೊದಲ ಆರೂ ಮಂಗಳವಾರ, ಶುಕ್ರವಾರಗಳು. ಈಗ ಅವರನ್ನು ಕರೆದು ಕೇಳಬೇಕು.

‘ಮಂಗಳವಾರ, ಶುಕ್ರವಾರ ನಮ್ಮ ಬೀದಿಗೆ ನೀರು ಬಿಡ್ತಾರೆ ಸರ್. ಏಳು ಗಂಟೆಗೆ ಬರೋದು. ಹಿಡಿದಿಡೋಕೆ ಮನೇಲಿ ಬೇರೆ ಯಾರೂ ಇಲ್ಲ. 25ನೇ ತಾರೀಕು ಕಂಪನಿ ಗಾಡೀನೇ ಕೆಟ್ಟು ನಿಂತಿತ್ತು.’

ಗಾಡಿಯ ಮಾತು ಡ್ರೈವರ್‌ನನ್ನು ಕೇಳಿದರೆ ಖಚಿತವಾಗುತ್ತದೆ. ಆ ದಿನವನ್ನು ಪಟ್ಟಿಯಿಂದ ಹೊಡೆದುಹಾಕಲೇಬೇಕು. ಒಂದು ತಪ್ಪು ದಿನಾಂಕ ಉಳಿದರೂ ಸರಿಯಾದ ಆರರ ಮೇಲಿನ ನಂಬಿಕೆ ಹೋಗುತ್ತದೆ. ನೀರಿನ ಕಾರಣ ನಿಜವೇ ಆದರೂ ತಡವಾಗಿದ್ದು ತಡವೇ. ಅದನ್ನು ಪತ್ರದಲ್ಲಿ ದಾಖಲಿಸಿ, ಪರಿಹಾರವಿದ್ದರೆ ಸೂಚಿಸಬೇಕು. ಪತ್ರದ ತಿರುಳು ಹೀಗಿದ್ದೀತು:

‘ಜೂನ್ ತಿಂಗಳಲ್ಲಿ ಈ ಕೆಳಗಿನ ಆರು ದಿನ ನೀವು 16ರಿಂದ 25 ನಿಮಿಷ ತಡವಾಗಿ ಬಂದಿದ್ದೀರಿ. 11ರಂದು ಲೈನ್ ಸೂಪರ್‌ವೈಸರ್ ನಿಮಗೆ ಬಾಯಿಮಾತಿನಲ್ಲಿ ತಿಳಿಸಿದ್ದರು. ನೀರು ಹಿಡಿಯಬೇಕಾದ್ದರಿಂದ ತಡವಾಯಿತೆಂದು ತಿಳಿಸಿದ್ದೀರಿ. ಮುಂದಿನ ಎರಡು ತಿಂಗಳು ಮಂಗಳವಾರ, ಶುಕ್ರವಾರ 9ಕ್ಕೆ ಬಂದು ಸಂಜೆ ಅರ್ಧ ಗಂಟೆ ಹೆಚ್ಚು ಕೆಲಸ ಮಾಡಲು ಅವಕಾಶವಿದೆ. ಆಮೇಲೂ ತಡವಾದರೆ ಸ್ಥಾಯಿ ಆದೇಶಗಳ ಪ್ರಕಾರ ನೋಟಿಸ್ ಕೊಡಲಾಗುವುದು. ಈ ಪತ್ರಕ್ಕೆ ಏಳು ದಿನದೊಳಗೆ ಉತ್ತರ ಬರೆಯಬಹುದು. ಅದನ್ನೂ ಇದರ ಜೊತೆಗೇ ಕಡತದಲ್ಲಿ ಇಡಲಾಗುವುದು.’

ಇಲ್ಲಿ ‘ಬೇಜವಾಬ್ದಾರಿ’ ಎಂಬ ಮಾತಿಲ್ಲ, ಬೇಕಾಗಿಯೂ ಇಲ್ಲ. ಪತ್ರ ಅವರಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಇಂಗ್ಲಿಷಿನ ಸಿದ್ಧ ನಮೂನೆಗೆ ಸಹಿ ಹಾಕಿಸಿಕೊಳ್ಳುವುದನ್ನು ನಾನು ಎಚ್ಚರಿಕೆ ಕೊಟ್ಟ ಲೆಕ್ಕಕ್ಕೆ ಸೇರಿಸುವುದಿಲ್ಲ. ಇನ್ನು ಸಹಿ ಎಂದರೆ ಪತ್ರ ಕೈಸೇರಿತು ಎಂದಷ್ಟೇ, ತಪ್ಪೊಪ್ಪಿಗೆ ಅಲ್ಲ. ಸಹಿಯ ಮೇಲೆ ಇದನ್ನು ಒಂದು ಸಾಲು ಬರೆದಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಸಹಿ ಹಾಕಲು ಒಪ್ಪದಿದ್ದರೆ ಒತ್ತಾಯಿಸದೆ, ಇಬ್ಬರು ಸಾಕ್ಷಿಗಳ ಎದುರು ಹಾಗೆಂದು ಬರೆದು, ಪ್ರತಿಯನ್ನು ಅಂಚೆಯಲ್ಲಿ ಕಳಿಸಬೇಕು.

ಸಂಬಳದ ವಿಷಯದಲ್ಲಿ ಹೆಚ್ಚು ಎಡವುತ್ತಾರೆ. ಕಾಲು ಗಂಟೆ ತಡಕ್ಕೆ ಅರ್ಧ ದಿನದ ಸಂಬಳ ಹಿಡಿಯುವ ರೂಢಿ ಕೆಲವೆಡೆ ಇದೆ. ಆದರೆ ಗೈರಾದ ಹೊತ್ತಿಗೆ ಅನುಪಾತವಾಗಿಯಷ್ಟೇ ಕಡಿತ ಮಾಡಬಹುದೆಂದು 1936ರ ವೇತನ ಪಾವತಿ ಕಾಯ್ದೆ ಹೇಳಿತ್ತು. 2019ರ ವೇತನ ಸಂಹಿತೆಯೂ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ಎಂಟು ಗಂಟೆಗೆ 600 ರೂಪಾಯಿ ಕೂಲಿಯಾದರೆ, 16 ನಿಮಿಷಕ್ಕೆ ಕಡಿತ 20 ರೂಪಾಯಿ. 300 ಹಿಡಿದರೆ ಅದು ಕಡಿತವಲ್ಲ, ದಂಡ. ದಂಡಕ್ಕೆ ಬೇರೆ ನಿಯಮಗಳಿವೆ, ಮಿತಿಯಿದೆ, ಹಾಕುವ ಮೊದಲು ನೌಕರರ ಮಾತು ಕೇಳಬೇಕೆಂಬ ಷರತ್ತೂ ಇದೆ.

1946ರ ಕಾಯ್ದೆಯಡಿ ಬಂದ ಮಾದರಿ ಸ್ಥಾಯಿ ಆದೇಶಗಳು ದುರ್ನಡತೆಯ ಪಟ್ಟಿಯಲ್ಲಿ ಸೇರಿಸಿದ್ದು ‘ಚಾಳಿಯಾಗಿ’ ತಡವಾಗಿ ಬರುವುದನ್ನು. ಒಂದೆರಡು ದಿನದ ತಡ ಆ ಮಾತಿನೊಳಗೆ ಬರುವುದಿಲ್ಲ. ಚಾಳಿ ಎಂದು ತೋರಿಸಲು ದಿನಾಂಕಗಳ ಸಾಲು, ನಡುವೆ ತಿದ್ದಿಕೊಳ್ಳಲು ಕೊಟ್ಟ ಅವಕಾಶ, ಎರಡೂ ಬೇಕು. ಎಚ್ಚರಿಕೆ ಪತ್ರ ಆ ಅವಕಾಶದ ದಾಖಲೆ.

ಹಳೆಯ ಪತ್ರಗಳನ್ನು ಬೀರುವಿನಲ್ಲಿಟ್ಟು, ವರ್ಷಗಳ ನಂತರ ಶಿಕ್ಷೆಯ ಹೊತ್ತಿಗೆ ಹೊರತೆಗೆಯುವುದೂ ಉಂಟು. 1963ರಲ್ಲಿ ಮೈಸೂರು ರಾಜ್ಯ ಮತ್ತು ಕೆ. ಮಂಚೇಗೌಡರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ಹೇಳಿತ್ತು. ಹಿಂದಿನ ನಡತೆಯನ್ನು ಶಿಕ್ಷೆಗೆ ಆಧಾರ ಮಾಡಿಕೊಳ್ಳುವುದಾದರೆ ಅದನ್ನು ನೌಕರನಿಗೆ ಮೊದಲೇ ತಿಳಿಸಿ ಉತ್ತರ ಕೇಳಬೇಕು ಎಂದು. ಅದು ಸರ್ಕಾರಿ ನೌಕರರ ಪ್ರಕರಣ. ಆದರೂ ನಮ್ಮ ಗಾರ್ಮೆಂಟ್ ಘಟಕಕ್ಕೂ ಅದು ಒಳ್ಳೆಯ ಪದ್ಧತಿಯೇ. ಪತ್ರ ಎಷ್ಟು ಕಾಲ ಲೆಕ್ಕಕ್ಕಿರುತ್ತದೆಂದು, ಉದಾಹರಣೆಗೆ ಆರು ತಿಂಗಳೆಂದು, ಪತ್ರದಲ್ಲೇ ಬರೆದುಬಿಡಬೇಕು. ಡಿಸೆಂಬರ್ ತನಕ ಆ ಮಹಿಳೆ ಹೊತ್ತಿಗೆ ಸರಿಯಾಗಿ ಬಂದರೆ, ಜನವರಿಯಲ್ಲಿ ಒಂದು ದಿನ ತಡವಾದಾಗ ಜೂನ್ ತಿಂಗಳ ಪಟ್ಟಿಯನ್ನು ಮತ್ತೆ ಎತ್ತುವಂತಿಲ್ಲ.