ಕ್ಲಾಕ್ ಬಡಿದಾಗ ಹಳೆಯ ಬೆಲೆಯೋ, ಹೊಸದೋ?

ವೆರಿಲಾಗ್‌ನಲ್ಲಿ ಒಂದು ಸಿಗ್ನಲ್‌ಗೆ ಬೆಲೆ ಕೊಡಲು ಎರಡು ಚಿಹ್ನೆಗಳಿವೆ. ಬರಿಯ `=` ಬರೆದರೆ ಅದು ಬ್ಲಾಕಿಂಗ್ ಅಸೈನ್‌ಮೆಂಟ್, `<=` ಬರೆದರೆ ನಾನ್‌ಬ್ಲಾಕಿಂಗ್. ಎಲೆಕ್ಟ್ರಾನಿಕ್ಸ್ ಓದುವ ಬಹಳಷ್ಟು ಮಕ್ಕಳು "ಕ್ಲಾಕ್ ಇದ್ದರೆ `<=` ಹಾಕು" ಎಂಬ ಸೂತ್ರವನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಸೂತ್ರ ಸರಿಯಾಗಿಯೇ ಇದೆ. ಆದರೆ ಅದರ ಕಾರಣ ತಿಳಿಯದವರಿಗೆ ಶಿಫ್ಟ್ ರಿಜಿಸ್ಟರ್ ಯಾಕೆ ಕೆಟ್ಟಿತು, ಕೌಂಟರ್ ಯಾಕೆ ಕೆಡಲಿಲ್ಲ ಎಂಬುದು ಒಗಟಾಗಿಯೇ ಉಳಿಯುತ್ತದೆ.

ಮೊದಲು ಚಿಪ್‌ನ ಒಳಗೆ ಏನಾಗುತ್ತದೆಂದು ನೋಡೋಣ. ಫ್ಲಿಪ್‌ಫ್ಲಾಪ್ ಒಂದು ಬಿಟ್ ಹಿಡಿದಿಟ್ಟುಕೊಳ್ಳುವ ಸರ್ಕ್ಯೂಟ್. ಕ್ಲಾಕ್ ಸೊನ್ನೆಯಿಂದ ಒಂದಕ್ಕೆ ಏರುವ ಕ್ಷಣದಲ್ಲಿ ತನ್ನ ಇನ್‌ಪುಟ್‌ನಲ್ಲಿ ಏನಿದೆಯೋ ಅದನ್ನು ಹಿಡಿಯುತ್ತದೆ. ಹಿಡಿದದ್ದು ಔಟ್‌ಪುಟ್‌ನಲ್ಲಿ ಕಾಣಿಸಿಕೊಳ್ಳಲು ಸ್ವಲ್ಪ ಸಮಯ ಬೇಕು. ಆ ಅತಿ ಸಣ್ಣ ತಡವೇ ಇಡೀ ವ್ಯವಸ್ಥೆಯನ್ನು ಕಾಯುತ್ತದೆ. ಕಟ್ಟಡದ ಕೆಲಸದಲ್ಲಿ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿ ಸಾಗಿಸುವವರನ್ನು ನೆನೆಸಿಕೊಳ್ಳಿ. ಒಂದು ಕೂಗಿಗೆ ಎಲ್ಲರೂ ಒಟ್ಟಿಗೆ ತಮ್ಮ ಕೈಯಲ್ಲಿದ್ದುದನ್ನು ಮುಂದಿನವರಿಗೆ ಕೊಟ್ಟು, ಹಿಂದಿನವರಿಂದ ಪಡೆಯುತ್ತಾರೆ. ಒಂದೇ ಬಾಂಡ್ಲಿ ಒಂದೇ ಕೂಗಿಗೆ ಸಾಲಿನ ಕೊನೆಗೆ ಹಾರುವುದಿಲ್ಲ. ಶಿಫ್ಟ್ ರಿಜಿಸ್ಟರ್ ಎಂದರೆ ಫ್ಲಿಪ್‌ಫ್ಲಾಪ್‌ಗಳ ಇಂಥದೇ ಸಾಲು.

ಈಗ ಮೂರು ಹಂತದ ಶಿಫ್ಟ್ ರಿಜಿಸ್ಟರ್ ಅನ್ನು ಬ್ಲಾಕಿಂಗ್‌ನಲ್ಲಿ ಬರೆದು ನೋಡಿ.

```verilog
always @(posedge clk) begin
  q1 = d;
  q2 = q1;
  q3 = q2;
end
```

`=` ಹೇಳುವುದಿಷ್ಟು: ಈ ಸಾಲು ಪೂರ್ತಿ ಮುಗಿಯಲಿ, ಎಡಗಡೆಯ ಹೆಸರಿಗೆ ಹೊಸ ಬೆಲೆ ಸೇರಲಿ, ಆಮೇಲೆ ಮುಂದಿನ ಸಾಲು. ಮುಗಿಯುವ ತನಕ ಮುಂದಿನ ಸಾಲನ್ನು ತಡೆಯುವುದರಿಂದಲೇ ಅದು ಬ್ಲಾಕಿಂಗ್. ಮೂರೂ ಸೊನ್ನೆಯಾಗಿದ್ದು `d` ಒಂದಾಗಿದೆ ಎನ್ನೋಣ. ಕ್ಲಾಕ್ ಏರಿತು. `q1` ಒಂದಾಯಿತು. ಎರಡನೇ ಸಾಲು ಓದುವ `q1` ಆಗಲೇ ಹೊಸದು, ಹಾಗಾಗಿ `q2` ಕೂಡ ಒಂದು. ಅದನ್ನು ಓದಿದ `q3` ಕೂಡ ಒಂದು. ಮೂರು ಕ್ಲಾಕ್ ತೆಗೆದುಕೊಳ್ಳಬೇಕಾದ ಪಯಣ ಒಂದರಲ್ಲೇ ಮುಗಿಯಿತು. ಸಿಂಥೆಸಿಸ್ ಸಾಫ್ಟ್‌ವೇರ್ ಕೂಡ ಇದನ್ನು ಹೀಗೆಯೇ ಅರ್ಥಮಾಡಿಕೊಳ್ಳುತ್ತದೆ. ಮೂರೂ ಸದಾ ಒಂದೇ ಬೆಲೆ ಹೊರುವುದರಿಂದ ಸಾಮಾನ್ಯವಾಗಿ ಒಂದೇ ಫ್ಲಿಪ್‌ಫ್ಲಾಪ್ ಉಳಿಸಿಕೊಳ್ಳುತ್ತದೆ.

ಮೂರೂ ಕಡೆ `<=` ಹಾಕಿದರೆ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಎಲ್ಲ ಸಾಲುಗಳ ಬಲಗಡೆಯನ್ನು ಓದಿ ಲೆಕ್ಕ ಮಾಡಿ ಪಕ್ಕಕ್ಕಿಡಲಾಗುತ್ತದೆ. ಆಗ ಎಡಗಡೆಯ ಯಾವ ಹೆಸರೂ ಬದಲಾಗಿರುವುದಿಲ್ಲ. ಆ ಕ್ಷಣದಲ್ಲಿ ನಡೆಯಬೇಕಾದ ಉಳಿದ ಕೆಲಸವೆಲ್ಲ ಮುಗಿದ ಮೇಲೆ ಪಕ್ಕಕ್ಕಿಟ್ಟ ಬೆಲೆಗಳು ಒಟ್ಟಿಗೆ ಸೇರುತ್ತವೆ. `d` ಒಂದು ಕ್ಲಾಕ್ ಮಾತ್ರ ಒಂದಾಗಿದ್ದರೆ ಮೂರು ಬಿಟ್‌ಗಳು 100, 010, 001 ಎಂದು ಸರಿಯುತ್ತವೆ. ಬ್ಲಾಕಿಂಗ್‌ನಲ್ಲಿ ಅದೇ ಪರೀಕ್ಷೆ 111, 000 ಎಂದು ಕಾಣುತ್ತದೆ. ವೇವ್‌ಫಾರ್ಮ್ ನೋಡಿದವರಿಗೆ ತಪ್ಪು ತಕ್ಷಣ ಸಿಗುತ್ತದೆ.

ಬ್ಲಾಕಿಂಗ್‌ನಲ್ಲೇ ಸಾಲುಗಳನ್ನು ತಿರುಗಿಸಿ, ಮೊದಲು `q3`, ಆಮೇಲೆ `q2`, ಕೊನೆಗೆ `q1` ಬರೆದರೂ ಶಿಫ್ಟ್ ಸರಿಯಾಗುತ್ತದೆ ನಿಜ. ಆದರೆ ಸರ್ಕ್ಯೂಟ್‌ನ ಅರ್ಥ ಸಾಲುಗಳ ಅನುಕ್ರಮದ ಮೇಲೆ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ನಾಳೆ ಯಾರೋ ಒಂದು ಸಾಲನ್ನು ಮೇಲೆ ಸರಿಸಿದರೂ ಸಾಕು, ಒಂದು ಹಂತ ಸದ್ದಿಲ್ಲದೆ ಮಾಯವಾಗುತ್ತದೆ.

ಶಿಫ್ಟ್ ರಿಜಿಸ್ಟರ್ ತಪ್ಪನ್ನು ಮುಖಕ್ಕೆ ಹೇಳುತ್ತದೆ, ಕೌಂಟರ್ ಹೇಳುವುದಿಲ್ಲ. `count = count + 1` ಎಂದರೂ, `count <= count + 1` ಎಂದರೂ 0, 1, 2, 3 ಎಂದೇ ಎಣಿಕೆ ನಡೆಯುತ್ತದೆ. ಅಲ್ಲಿರುವುದು ಒಂದೇ ಸಾಲು, ಹೊಸ ಬೆಲೆಯನ್ನು ಅದೇ ಎಡ್ಜ್‌ನಲ್ಲಿ ಓದುವವರು ಯಾರೂ ಇಲ್ಲ. ಲ್ಯಾಬ್‌ನಲ್ಲಿ ಇಷ್ಟನ್ನೇ ಮಾಡಿ ನೋಡಿದ ವಿದ್ಯಾರ್ಥಿ ಎರಡು ಚಿಹ್ನೆಗಳೂ ಒಂದೇ ಎಂದು ನಂಬಿಬಿಡುತ್ತಾನೆ. ಕೌಂಟರನ್ನು ಇನ್ನೊಂದು ಬ್ಲಾಕ್ ಓದತೊಡಗಿದಾಗ ಆ ನಂಬಿಕೆ ಕುಸಿಯುತ್ತದೆ.

```verilog
always @(posedge clk) count = count + 1;
always @(posedge clk) led <= (count == 9);
```

ಎರಡೂ ಬ್ಲಾಕ್‌ಗಳು ಒಂದೇ ಎಡ್ಜ್‌ಗೆ ಏಳುತ್ತವೆ. ಮೊದಲು ಯಾವುದು ಓಡಬೇಕೆಂದು ವೆರಿಲಾಗ್‌ನ ಮಾನದಂಡ ಹೇಳುವುದಿಲ್ಲ, ಆಯ್ಕೆ ಸಿಮ್ಯುಲೇಟರ್‌ನದು. `count` 8 ಇದ್ದಾಗ ಕ್ಲಾಕ್ ಏರಿತು ಎನ್ನಿ. ಮೊದಲ ಬ್ಲಾಕ್ ಮುಂಚೆ ಓಡಿದರೆ ಎರಡನೆಯದು 9 ಅನ್ನು ನೋಡಿ ಆಗಲೇ ದೀಪ ಹತ್ತಿಸುತ್ತದೆ. ಎರಡನೆಯದು ಮುಂಚೆ ಓಡಿದರೆ 8 ಅನ್ನು ನೋಡುತ್ತದೆ, ದೀಪ ಹತ್ತುವುದು ಒಂದು ಕ್ಲಾಕ್ ತಡವಾಗಿ. ಈ ಪೈಪೋಟಿಗೆ ರೇಸ್ ಎನ್ನುತ್ತಾರೆ. ಬೇರೆ ಸಿಮ್ಯುಲೇಟರ್ ಬಳಸಿದರೆ ಉತ್ತರ ಬದಲಾಗಬಹುದು, ಫೈಲ್‌ಗಳ ಅನುಕ್ರಮ ಬದಲಿಸಿದರೂ ಬದಲಾಗಬಹುದು. ಆದರೆ ನಿಜವಾದ ಫ್ಲಿಪ್‌ಫ್ಲಾಪ್‌ಗಳು ಯಾವಾಗಲೂ ಹಳೆಯ ಬೆಲೆಯನ್ನೇ ಹಿಡಿಯುತ್ತವೆ. ಹಾಗಾಗಿ ಸಿಮ್ಯುಲೇಷನ್‌ನಲ್ಲಿ ಬೇಗ ಹತ್ತಿದ ದೀಪ ಬೋರ್ಡ್‌ನಲ್ಲಿ ಒಂದು ಕ್ಲಾಕ್ ತಡವಾಗುತ್ತದೆ, ಇಂಜಿನಿಯರ್ ವೈರಿಂಗ್ ಹುಡುಕುತ್ತಾ ಕೂರುತ್ತಾನೆ. ಮೊದಲ ಸಾಲಿನಲ್ಲೂ `<=` ಹಾಕಿದರೆ ಯಾವ ಬ್ಲಾಕ್ ಮುಂಚೆ ಓಡಿದರೂ ಓದುವುದು ಹಳೆಯ ಬೆಲೆಯನ್ನೇ. ಸಿಮ್ಯುಲೇಷನ್, ಬೋರ್ಡ್ ಎರಡೂ ಒಂದೇ ಮಾತಾಡುತ್ತವೆ.

ವೆರಿಲಾಗ್ ಹುಟ್ಟಿದ್ದು 1980ರ ದಶಕದಲ್ಲಿ, ಗೇಟ್‌ವೇ ಡಿಸೈನ್ ಆಟೊಮೇಷನ್ ಕಂಪನಿಯಲ್ಲಿ, ಸರ್ಕ್ಯೂಟ್‌ಗಳನ್ನು ಸಿಮ್ಯುಲೇಟ್ ಮಾಡುವ ಭಾಷೆಯಾಗಿ. ಅದೇ ಕೋಡ್‌ನಿಂದ ಗೇಟ್‌ಗಳನ್ನು ತಯಾರಿಸುವ ಸಿಂಥೆಸಿಸ್ ಬಳಕೆಗೆ ಬಂದದ್ದು ಆಮೇಲೆ. ಸಿಮ್ಯುಲೇಟರ್‌ನ ದೃಷ್ಟಿಗೂ ಚಿಪ್‌ನ ನಡತೆಗೂ ಇಂಥ ಬಿರುಕು ಬೀಳುವ ಅವಕಾಶ ಭಾಷೆಯೊಳಗೆ ಉಳಿದಿದೆ.

`<=` ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಹತ್ತರವರೆಗೆ ಎಣಿಸಿ ಸೊನ್ನೆಗೆ ಮರಳುವ ನಾಲ್ಕು ಬಿಟ್‌ಗಳ ಈ ಕೌಂಟರ್ ನೋಡಿ.

```verilog
always @(posedge clk) begin
  count <= count + 1;
  if (count == 10) count <= 0;
end
```

ಇದೇ ಕೋಡ್ `=` ಬಳಸಿದ್ದರೆ 9ರ ಮೇಲೆ ಒಂದು ಕೂಡಿಸಿ, ಬಂದ 10 ಅನ್ನು ಕೂಡಲೇ ಕಂಡು ಸೊನ್ನೆ ಮಾಡುತ್ತಿತ್ತು. ಇಲ್ಲಿ `if` ನೋಡುವುದು ಹಳೆಯ 9 ಅನ್ನು, ಷರತ್ತು ಸುಳ್ಳು, ಎಣಿಕೆ 10ಕ್ಕೆ ಹೋಗುತ್ತದೆ. ಮುಂದಿನ ಎಡ್ಜ್‌ನಲ್ಲಿ `count`ಗೆ 11 ಮತ್ತು 0 ಎರಡೂ ನಿಗದಿಯಾಗುತ್ತವೆ, ಕೊನೆಯದು ಗೆಲ್ಲುತ್ತದೆ. ಹತ್ತು ಹೆಜ್ಜೆಗಳ ಬದಲು ಹನ್ನೊಂದು. ಸೆಕೆಂಡಿಗೆ ಹತ್ತು ಬಾರಿ ಬಡಿಯುವ ಕ್ಲಾಕ್‌ನಿಂದ ಸೆಕೆಂಡು ತಯಾರಿಸಲು ಇದನ್ನು ಬಳಸಿದರೆ ಪ್ರತಿ ಸೆಕೆಂಡೂ 1.1 ಸೆಕೆಂಡು ಆಗುತ್ತದೆ. ಒಂದು ಗಂಟೆ ಕಳೆದಾಗ ಆ ಗಡಿಯಾರ ತೋರಿಸುವುದು ಸುಮಾರು 54 ನಿಮಿಷ 33 ಸೆಕೆಂಡು. ಇದಕ್ಕೆ ಮದ್ದು `=` ಅಲ್ಲ, ಹೋಲಿಕೆಯನ್ನು 9ಕ್ಕೆ ಬದಲಿಸುವುದು. ಫ್ಲಿಪ್‌ಫ್ಲಾಪ್‌ನಲ್ಲಿ ಈಗ ಇರುವುದು 9, ಮುಂದಿನದು ಸೊನ್ನೆ ಆಗಬೇಕು ಎಂದು ಯೋಚಿಸುವ ಅಭ್ಯಾಸವಾದರೆ ಈ ತಪ್ಪು ಬರುವುದಿಲ್ಲ.

ತಪ್ಪು ಹುಡುಕುವಾಗಲೂ ಎಚ್ಚರ ಬೇಕು. `<=` ಸಾಲಿನ ಕೆಳಗೇ `$display` ಬರೆದರೆ ಹಳೆಯ ಬೆಲೆ ಮುದ್ರಣವಾಗುತ್ತದೆ, ಕೋಡ್ ಕೆಲಸ ಮಾಡುತ್ತಿಲ್ಲವೇನೋ ಅನಿಸುತ್ತದೆ. `$strobe` ಆ ಕ್ಷಣದ ಎಲ್ಲ ಬದಲಾವಣೆಗಳೂ ಸೇರಿದ ಮೇಲೆ ಮುದ್ರಿಸುತ್ತದೆ, ಇಲ್ಲಿ ಬೇಕಾದದ್ದು ಅದು.

ಹಾಗೆಂದು ಬ್ಲಾಕಿಂಗ್ ಬೇಡವಾದದ್ದಲ್ಲ. ಕ್ಲಾಕ್ ಇಲ್ಲದ ಗೇಟ್‌ಗಳ ಲೆಕ್ಕದಲ್ಲಿ ಒಂದು ಸಾಲಿನ ಫಲಿತಾಂಶ ಮುಂದಿನ ಸಾಲಿಗೆ ಕೂಡಲೇ ಬೇಕಾಗುತ್ತದೆ, ಅಲ್ಲಿ `=` ಸರಿಯಾದ ಚಿಹ್ನೆ. ಎರಡನ್ನೂ ಒಂದೇ `always` ಬ್ಲಾಕ್‌ನಲ್ಲಿ ಬೆರೆಸಬೇಡಿ. ಕಲಿಯುತ್ತಿರುವವರು ಮೇಲಿನ ಶಿಫ್ಟ್ ರಿಜಿಸ್ಟರ್ ಅನ್ನು ಎರಡೂ ಚಿಹ್ನೆಗಳಲ್ಲಿ ಬರೆದು, `d`ಯನ್ನು ಒಂದು ಕ್ಲಾಕ್ ಮಾತ್ರ ಒಂದಾಗಿಸಿ, ಎರಡು ವೇವ್‌ಫಾರ್ಮ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಆಮೇಲೆ ಹತ್ತರ ಕೌಂಟರ್‌ನಲ್ಲಿ 10 ಎಂಬ ಬೆಲೆ ಎಲ್ಲಾದರೂ ಕಾಣುತ್ತದೆಯೇ ಎಂದು ಹುಡುಕಿ.