ಇಪ್ಪತ್ತು ಲಕ್ಷ ಸುಟ್ಟಿತು, ಹತ್ತು ಲಕ್ಷ ಬಂತು

ದಾವಣಗೆರೆಯಲ್ಲಿ ಒಬ್ಬ ಬಟ್ಟೆ ಸಗಟು ವ್ಯಾಪಾರಿ ಇದ್ದಾರೆ ಎಂದಿಟ್ಟುಕೊಳ್ಳೋಣ. ಬ್ಯಾಂಕಿನಲ್ಲಿ ಅವರಿಗೆ 40 ಲಕ್ಷ ರೂಪಾಯಿಯ ಸಿ.ಸಿ. ಸಾಲವಿದೆ. ಅಂಗಡಿಯ ಸರಕೇ ಅದಕ್ಕೆ ಅಡಮಾನ, ಹಾಗಾಗಿ ಬ್ಯಾಂಕಿನವರೇ ಆ ಸರಕಿಗೆ 40 ಲಕ್ಷದ ಬೆಂಕಿ ವಿಮೆ ಮಾಡಿಸಿದ್ದಾರೆ. ಪ್ರೀಮಿಯಂ ವರ್ಷವರ್ಷವೂ ಖಾತೆಯಿಂದ ಕಡಿತವಾಗುತ್ತದೆ. ಪಾಲಿಸಿಯ ಕಾಗದ ಬ್ಯಾಂಕಿನ ಫೈಲಿನಲ್ಲಿರುತ್ತದೆ. ದೀಪಾವಳಿಗೆ ಮುಂಚೆ ಒಂದು ರಾತ್ರಿ ಗೋದಾಮಿನ ಒಂದು ಮೂಲೆಗೆ ಬೆಂಕಿ ಬಿದ್ದು 20 ಲಕ್ಷದ ಬಟ್ಟೆ ಬೂದಿಯಾಗುತ್ತದೆ. 40 ಲಕ್ಷದ ವಿಮೆ, 20 ಲಕ್ಷದ ನಷ್ಟ; ಪೂರ್ತಿ ಹಣ ಬರುತ್ತದೆ ಎಂದು ಅವರು ನಂಬಿ ಕೂರುತ್ತಾರೆ. ಕ್ಲೇಮು ಇತ್ಯರ್ಥವಾದಾಗ ಕೈಗೆ ಬರುವುದು 10 ಲಕ್ಷ.

ವಿಮಾ ಕಂಪನಿ ಇಲ್ಲಿ ಮೋಸ ಮಾಡಿಲ್ಲ. ಕತ್ತರಿ ಹಾಕಿದ್ದು ಪಾಲಿಸಿಯೊಳಗೇ ಇರುವ ಸರಾಸರಿ ಷರತ್ತು, ಅಂದರೆ ಆವರೇಜ್ ಕ್ಲಾಸ್. ಈಚಿನ ಪಾಲಿಸಿಗಳಲ್ಲಿ ಇದು ಅಂಡರ್ ಇನ್ಶೂರೆನ್ಸ್ ಎಂಬ ಹೆಸರಿನಲ್ಲಿರುತ್ತದೆ. ಬೆಂಕಿ ಬಿದ್ದ ಹೊತ್ತಿನಲ್ಲಿ ಸ್ವತ್ತಿನ ನಿಜವಾದ ಬೆಲೆ ವಿಮಾ ಮೊತ್ತಕ್ಕಿಂತ ಹೆಚ್ಚಾಗಿದ್ದರೆ, ಹೆಚ್ಚಿಗೆ ಇದ್ದಷ್ಟಕ್ಕೆ ಮಾಲೀಕನೇ ತನಗೆ ತಾನು ವಿಮೆಗಾರ. ನಷ್ಟದಲ್ಲಿ ಅಷ್ಟು ಪಾಲನ್ನು ಅವನೇ ಹೊರಬೇಕು. ಷರತ್ತಿನ ತಿರುಳು ಇಷ್ಟೇ. ನಮ್ಮ ವ್ಯಾಪಾರಿಯ ಗೋದಾಮಿನಲ್ಲಿ ಹಬ್ಬಕ್ಕೆಂದು ತುಂಬಿಸಿದ ಸರಕು ಆ ರಾತ್ರಿ 80 ಲಕ್ಷದ್ದಿತ್ತು. ವಿಮೆ ಇದ್ದದ್ದು ಅದರ ಅರ್ಧಕ್ಕೆ. ಆದ್ದರಿಂದ ಸುಟ್ಟ 20 ಲಕ್ಷದಲ್ಲೂ ಅರ್ಧ ಮಾತ್ರ ಕಂಪನಿಯ ಪಾಲು. ನಷ್ಟವನ್ನು ವಿಮಾ ಮೊತ್ತದಿಂದ ಗುಣಿಸಿ ಸ್ವತ್ತಿನ ನಿಜ ಬೆಲೆಯಿಂದ ಭಾಗಿಸಿದರೆ ಬರುವುದೇ ಕ್ಲೇಮು. ಪಾಲಿಸಿಯಲ್ಲಿ ಮಾಲೀಕನ ಪಾಲೆಂದು ಬರೆದಿರುವ ಎಕ್ಸೆಸ್ ಮೊತ್ತ ಇದ್ದರೆ ಅದೂ ಕಳೆಯುತ್ತದೆ.

"ಸುಟ್ಟದ್ದು ಇಪ್ಪತ್ತೇ ಅಲ್ಲವೇ, ನನ್ನ ನಲವತ್ತರೊಳಗೇ ಇದೆಯಲ್ಲ" ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಪ್ರಶ್ನೆಗೆ ಉತ್ತರವಿದೆ. ಬೆಂಕಿ ಅನಾಹುತಗಳಲ್ಲಿ ಇಡೀ ಸ್ವತ್ತು ನಾಶವಾಗುವುದಕ್ಕಿಂತ ಒಂದು ಭಾಗ ಹಾಳಾಗುವುದೇ ಹೆಚ್ಚು. ಪ್ರೀಮಿಯಂ ದರ ನಿಗದಿಯಾಗುವಾಗ ಎಲ್ಲರೂ ತಮ್ಮ ಸ್ವತ್ತಿನ ಪೂರ್ಣ ಬೆಲೆಗೆ ಹಣ ಕಟ್ಟುತ್ತಾರೆಂದೇ ಲೆಕ್ಕ ಹಾಕಿರುತ್ತಾರೆ. ಪಕ್ಕದ ಅಂಗಡಿಯವರು ತಮ್ಮ 80 ಲಕ್ಷದ ಸರಕಿಗೆ 80 ಲಕ್ಷಕ್ಕೂ ಪ್ರೀಮಿಯಂ ಕಟ್ಟುತ್ತಾರೆ, ಇವರು ಅರ್ಧ ಕಟ್ಟುತ್ತಾರೆ. ಇಬ್ಬರಿಗೂ 20 ಲಕ್ಷದ ನಷ್ಟವಾದಾಗ ಇಬ್ಬರಿಗೂ ಪೂರ್ತಿ ಕೊಟ್ಟರೆ ಪೂರ್ಣ ವಿಮೆ ಮಾಡಿಸಲು ಯಾರಿಗೂ ಕಾರಣವೇ ಉಳಿಯುವುದಿಲ್ಲ. ಷರತ್ತು ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ. ಅನ್ಯಾಯವಾಗುತ್ತಿರುವುದು ಅದನ್ನು ಪಾಲಿಸಿ ಮಾರುವ ಹೊತ್ತಿನಲ್ಲಿ ಯಾರೂ ಬಿಡಿಸಿ ಹೇಳದಿರುವುದರಿಂದ.

ಇದೇ ಲೆಕ್ಕವನ್ನು ಇನ್ನೊಂದು ಸನ್ನಿವೇಶಕ್ಕೆ ಹಚ್ಚಿ ನೋಡಿ. ಇಡೀ ಗೋದಾಮು ಸುಟ್ಟು 80 ಲಕ್ಷವೂ ಹೋಗಿದ್ದರೆ ಅರ್ಧ ಪಾಲೆಂದರೆ 40 ಲಕ್ಷ, ಅಂದರೆ ವಿಮಾ ಮೊತ್ತ ಪೂರ್ತಿ ಸಿಗುತ್ತದೆ. ಸರ್ವನಾಶದಲ್ಲಿ ಈ ಷರತ್ತಿನಿಂದ ಬೇರೆ ಕಡಿತವೇನೂ ಆಗುವುದಿಲ್ಲ. ಅದು ಕಚ್ಚುವುದು ಚಿಕ್ಕ, ಮಧ್ಯಮ ನಷ್ಟಗಳಲ್ಲಿ. "ಎಲ್ಲಾ ಒಟ್ಟಿಗೆ ಎಲ್ಲಿ ಸುಡುತ್ತೆ, ಅರ್ಧಕ್ಕೆ ವಿಮೆ ಸಾಕು" ಎಂದು ಲೆಕ್ಕ ಹಾಕಿದವರಿಗೇ ಪೆಟ್ಟು ಬೀಳುವುದು ಇದರಿಂದ.

ಇಷ್ಟಕ್ಕೂ ಗೋದಾಮಿನಲ್ಲಿ 80 ಲಕ್ಷದ ಸರಕಿತ್ತೆಂದು ಗೊತ್ತಾಗುವುದು ಹೇಗೆ? ಅದು ಸರ್ವೇಯರ್ ಕೆಲಸ. ಸುಟ್ಟ ಬಟ್ಟೆಯನ್ನು ಎಣಿಸಲಾಗದು, ಆದ್ದರಿಂದ ಅವರು ಲೆಕ್ಕದ ಪುಸ್ತಕಗಳಿಂದ ಹಿಂದಕ್ಕೆ ನಡೆಯುತ್ತಾರೆ. ಏಪ್ರಿಲ್ 1ರಂದು ಇದ್ದ ಸರಕು 50 ಲಕ್ಷ. ಅಂದಿನಿಂದ ಬೆಂಕಿಯ ದಿನದವರೆಗೆ ಖರೀದಿ 1 ಕೋಟಿ 10 ಲಕ್ಷ. ಮಾರಾಟ 1 ಕೋಟಿ. ಅದರಲ್ಲಿ ಶೇ 20 ಲಾಭಾಂಶ ತೆಗೆದರೆ ಹೊರಗೆ ಹೋದ ಸರಕಿನ ಅಸಲು 80 ಲಕ್ಷ. ಹಾಗಾದರೆ ಉಳಿದಿರಬೇಕಾದದ್ದು 80 ಲಕ್ಷದ ಸರಕು. ಬೆಂಕಿ ಮುಟ್ಟದೆ ಉಳಿದ ಕಟ್ಟುಗಳನ್ನು ಎಣಿಸಿದಾಗ 60 ಲಕ್ಷದ್ದು ಸಿಕ್ಕಿದೆ. ವ್ಯತ್ಯಾಸ 20 ಲಕ್ಷ, ಅದೇ ನಷ್ಟ. ಲೆಕ್ಕವೆಲ್ಲ ಅಸಲು ಬೆಲೆಯಲ್ಲೇ ನಡೆಯುತ್ತದೆ, ಮಾರುವ ಬೆಲೆಯಲ್ಲಿ ಅಲ್ಲ. ಖರೀದಿ ಬಿಲ್ಲು, ಜಿಎಸ್‌ಟಿ ರಿಟರ್ನ್, ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಇವೆಲ್ಲವನ್ನೂ ಒಂದಕ್ಕೊಂದು ಹೋಲಿಸಿ ನೋಡುತ್ತಾರೆ.

ಇಲ್ಲಿ ಬಹಳ ಜನ ಸಿಕ್ಕಿಬೀಳುತ್ತಾರೆ. ಸಾಲದ ಮಿತಿ ಕಾಯ್ದುಕೊಳ್ಳಲು ಬ್ಯಾಂಕಿಗೆ ಸರಕನ್ನು ಉಬ್ಬಿಸಿ ತೋರಿಸಿದ್ದರೆ ಆ ಅಂಕಿ ಸರ್ವೇಯರ್ ಮುಂದೆ ಬರುತ್ತದೆ. ಪುಸ್ತಕಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಕ್ಲೇಮು ತಿಂಗಳುಗಟ್ಟಲೆ ನಿಲ್ಲಬಹುದು. ಬಿಲ್ಲಿಲ್ಲದ ಸರಕು ಇನ್ನೊಂದು ಬಗೆಯಲ್ಲಿ ತಿರುಗಿ ಹೊಡೆಯುತ್ತದೆ. ಅದು ಸುಟ್ಟರೆ ಇತ್ತೆಂದು ತೋರಿಸಲು ಆಧಾರವಿಲ್ಲ. ಸುಡದೆ ಉಳಿದರೆ ಉಳಿದ ಸರಕಿನ ಎಣಿಕೆಯಲ್ಲಿ ಸೇರಿ ಲೆಕ್ಕದ ನಷ್ಟವನ್ನೇ ಇಳಿಸುತ್ತದೆ.

ನೋಡುವುದು ಬೆಂಕಿ ಬಿದ್ದ ದಿನದ ಬೆಲೆಯನ್ನು, ಪಾಲಿಸಿ ಮಾಡಿಸಿದ ದಿನದ್ದನ್ನಲ್ಲ. ಜೂನ್‌ನಲ್ಲಿ 40 ಲಕ್ಷ ಸರಿಯಾಗಿಯೇ ಇದ್ದಿರಬಹುದು. ಸೀಸನ್ನಿಗೆ ಸರಕು ಏರುವಾಗ ವಿಮಾ ಮೊತ್ತವನ್ನೂ ಏರಿಸಬೇಕು. ಪಾಲಿಸಿಯ ನಡುವೆಯೇ ಕಂಪನಿಗೆ ಬರೆದುಕೊಟ್ಟು, ಉಳಿದ ಅವಧಿಗೆ ತಕ್ಕ ಪ್ರೀಮಿಯಂ ಕಟ್ಟಿ ಎಂಡಾರ್ಸ್‌ಮೆಂಟ್ ಪಡೆದರೆ ಆಯಿತು. ಬ್ಯಾಂಕ್ ಮಾಡಿಸಿದ ಪಾಲಿಸಿಯಾದರೆ ಅದರ ಪ್ರತಿಯನ್ನು ಕೇಳಿ ಪಡೆದು ವಿಮಾ ಮೊತ್ತವನ್ನೂ ಗೋದಾಮಿನ ವಿಳಾಸವನ್ನೂ ಓದಬೇಕು. ಬ್ಯಾಂಕಿಗೆ ತನ್ನ ಸಾಲ ಭದ್ರವಾದರೆ ಸಾಕು, ಇಡೀ ಸರಕಿನ ಚಿಂತೆ ಅದಕ್ಕಿಲ್ಲ. ಪರಿಹಾರ ಬಂದಾಗಲೂ ಮೊದಲು ಹೋಗುವುದು ಸಾಲದ ಖಾತೆಗೇ.

ಕಟ್ಟಡ, ಯಂತ್ರ, ಸರಕು ಬೇರೆ ಬೇರೆ ಬಾಬುಗಳಾಗಿದ್ದರೆ ಷರತ್ತು ಒಂದೊಂದಕ್ಕೂ ಪ್ರತ್ಯೇಕ. ಕಟ್ಟಡಕ್ಕೆ ಹೆಚ್ಚು ವಿಮೆ ಇದೆಯೆಂದು ಸರಕಿನ ಕೊರತೆ ತುಂಬಿಕೊಳ್ಳುವುದಿಲ್ಲ. ಹಳೆಯದರ ಬದಲು ಹೊಸದು ಕಟ್ಟಿಕೊಡುವ ಬಗೆಯ ಪಾಲಿಸಿಯಾದರೆ ಹೋಲಿಕೆಯೂ ಹೊಸದಾಗಿ ಕಟ್ಟುವ ಇಂದಿನ ಖರ್ಚಿನೊಡನೆ ನಡೆಯುತ್ತದೆ. ಹದಿನೈದು ವರ್ಷದ ಹಿಂದೆ ಕಟ್ಟಿಸಿದ ಖರ್ಚನ್ನೇ ವಿಮಾ ಮೊತ್ತವಾಗಿ ಬರೆಸಿದವರು ಇಲ್ಲಿ ಎಡವುತ್ತಾರೆ.

2021ರ ಏಪ್ರಿಲ್ 1ರಿಂದ ಸಣ್ಣವರಿಗೆ ಒಂದಿಷ್ಟು ಸಡಿಲಿಕೆ ಸಿಕ್ಕಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ತಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ 5 ಕೋಟಿವರೆಗಿನ ಸ್ವತ್ತಿರುವ ಉದ್ಯಮಗಳಿಗೆ. ಅದರ ಮೇಲೆ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಎರಡರಲ್ಲೂ ಶೇ 15ರೊಳಗಿನ ಕೊರತೆಯನ್ನು ಮನ್ನಿಸಲಾಗುತ್ತದೆ. ನಮ್ಮ ವ್ಯಾಪಾರಿಯ ಸರಕು ಆ ದಿನ 46 ಲಕ್ಷದ್ದಾಗಿದ್ದರೆ ಕೊರತೆ 6 ಲಕ್ಷ, ಸುಮಾರು ಶೇ 13, ಕಡಿತವಾಗುತ್ತಿರಲಿಲ್ಲ. 80 ಲಕ್ಷಕ್ಕೆ ಈ ರಿಯಾಯಿತಿ ಎಟಕುವುದಿಲ್ಲ. ಮನೆಗಳಿಗಾಗಿ ಬಂದ ಭಾರತ್ ಗೃಹ ರಕ್ಷಾದಲ್ಲಂತೂ ಈ ಕಡಿತವನ್ನೇ ತೆಗೆದುಹಾಕಿದ್ದಾರೆ. ಹಾಗೆಂದು ಅಲ್ಲೂ ವಿಮಾ ಮೊತ್ತವನ್ನು ಮೀರಿ ಹಣ ಸಿಗುವುದಿಲ್ಲ.

ಕಡಿತವಾಗಿ ಹಣ ಬಂದಿದ್ದರೆ ಸಹಿ ಹಾಕುವ ಮುಂಚೆ ಸರ್ವೇ ವರದಿಯ ಪ್ರತಿ ಕೇಳಿ, ಅದರಲ್ಲಿ ಸ್ವತ್ತಿನ ಒಟ್ಟು ಬೆಲೆ ಕಟ್ಟಿದ ಪುಟವನ್ನು ನೋಡಿ. ಸರಕಿಗೆ ಅಸಲು ಬೆಲೆಯ ಬದಲು ಮಾರುವ ಬೆಲೆ ಹಿಡಿದಿದ್ದಾರೆಯೇ, ವಾಪಸು ಪಡೆಯಬಹುದಾದ ಜಿಎಸ್‌ಟಿಯನ್ನೂ ಸೇರಿಸಿದ್ದಾರೆಯೇ, ಫ್ಯಾಷನ್ ಮುಗಿದು ವರ್ಷಗಳಿಂದ ಬಿದ್ದಿರುವ ಥಾನುಗಳಿಗೆ ಪೂರ್ತಿ ಬೆಲೆ ಕಟ್ಟಿದ್ದಾರೆಯೇ, ಬೇರೆಯವರು ಮಾರಿಕೊಡಲೆಂದು ಇಟ್ಟುಹೋದ ಸರಕು ನಿಮ್ಮದರಲ್ಲಿ ಸೇರಿದೆಯೇ ಎಂದು ಪರಿಶೀಲಿಸಿ. ಇವುಗಳಲ್ಲಿ ಯಾವುದು ತಪ್ಪಾಗಿದ್ದರೂ ಒಟ್ಟು ಬೆಲೆ ಉಬ್ಬುತ್ತದೆ, ಕೊರತೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಪ್ಪು ಕಂಡರೆ ಬಿಲ್ಲುಗಳೊಂದಿಗೆ ಕಂಪನಿಗೆ ಲಿಖಿತ ಆಕ್ಷೇಪ ಕೊಡಬಹುದು. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಆಯೋಗದ ಬಾಗಿಲಿದೆ.